ಪಿಎಚ್‌ಡಿ ಅರ್ಜಿಗೆ ಶಿಫಾರಸು ಪತ್ರ ಕೇಳಿ ಗೈಡ್ ಮೇಡಂಗೆ ಇಮೇಲ್: ಈ ಕರಡು ಕಳಿಸಬಹುದೇ?

ಶರಾವತಿ_ಸಸ್ಯ
ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳಿಗೆ ಸಸ್ಯರೋಗಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ಪ್ರತಿಯೊಂದಕ್ಕೂ ಮೂರು ಶಿಫಾರಸು ಪತ್ರ ಬೇಕು. ಮೊದಲ ಕೊನೆಯ ದಿನಾಂಕ ಡಿಸೆಂಬರ್ 1, ಉಳಿದವು ಡಿಸೆಂಬರ್ 15. ಇವತ್ತು ಅಕ್ಟೋಬರ್ 18. ಎಂಎಸ್ಸಿಯ ನಾಲ್ಕನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಮಾಡಿಸಿದ ಮೇಡಂಗೆ ಬರೆಯಬೇಕು. ಅವರು ಕನ್ನಡದವರೇ, ಲ್ಯಾಬಿನಲ್ಲೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಕರಡು ಹೀಗಿದೆ:

> ವಿಷಯ: ಶಿಫಾರಸು ಪತ್ರ ನೀಡುವ ಕುರಿತು
>
> ಮಾನ್ಯರೇ,
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ನಿಮ್ಮ ವಿಭಾಗದಲ್ಲಿ 2023–25ನೇ ಸಾಲಿನಲ್ಲಿ ಎಂಎಸ್ಸಿ ಮುಗಿಸಿದ್ದು, ಅಮೆರಿಕದಲ್ಲಿ ಪಿಎಚ್‌ಡಿ ಮಾಡಲು ಇಚ್ಛಿಸಿರುತ್ತೇನೆ. ಆದ್ದರಿಂದ ದಯಾಳುಗಳಾದ ತಾವು ದೊಡ್ಡ ಮನಸ್ಸು ಮಾಡಿ ನನಗೆ ಒಂದು ಉತ್ತಮ ಶಿಫಾರಸು ಪತ್ರವನ್ನು ಆದಷ್ಟು ಬೇಗ ನೀಡಬೇಕಾಗಿ ಕೋರುತ್ತೇನೆ. ಮಾದರಿ ಪತ್ರವನ್ನು ಲಗತ್ತಿಸಿದ್ದೇನೆ, ಸಹಿ ಮಾಡಿ ಕಳುಹಿಸಿಕೊಡಿ.
>
> ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ

ಗೌರವ ಕಡಿಮೆಯಾಯಿತೇ, ಹೆಚ್ಚಾಯಿತೇ ಗೊತ್ತಾಗುತ್ತಿಲ್ಲ. ತಿದ್ದಿಕೊಡಿ.

ಭೀಮಾತೀರ
ಇದಕ್ಕೆಲ್ಲಾ ಮೇಡಂ ತನಕ ಯಾಕ ಹೋಗ್ತೀರಿ? ಅರ್ಜಿ ಬರದು ವಿಭಾಗದ ಆಫೀಸಿನಾಗ ಕೊಡ್ರಿ. ಗುಮಾಸ್ತರು ಟೈಪ್ ಮಾಡಿ, ಮುಖ್ಯಸ್ಥರ ಸಹಿ ಹಾಕಿಸಿ, ಸೀಲ್ ಹೊಡದು ಕೊಡ್ತಾರ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಜೋಡಿ ಇರಲಿ.

ಪಿಜಿ_ಮೇಷ್ಟ್ರು
ಭೀಮಾತೀರ ಅವರೇ, ನೀವು ಹೇಳುತ್ತಿರುವುದು ನಡತೆ ಪ್ರಮಾಣಪತ್ರ ಅಥವಾ ವ್ಯಾಸಂಗ ಪ್ರಮಾಣಪತ್ರ. ಅವು ಕಚೇರಿಯಲ್ಲೇ ಸಿಗುತ್ತವೆ. ಇಲ್ಲಿ ಬೇಕಿರುವುದು ಬೇರೆ. ಈ ವಿದ್ಯಾರ್ಥಿನಿ ಸಂಶೋಧನೆ ಮಾಡಬಲ್ಲಳೇ ಎಂದು ಅವಳ ಕೆಲಸ ಕಂಡವರು ತಮ್ಮ ಮಾತಿನಲ್ಲಿ ಬರೆಯಬೇಕು. ಅದೂ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ, ಬರೆದವರೇ ನೇರವಾಗಿ ಪೋರ್ಟಲಿಗೆ ಏರಿಸುತ್ತಾರೆ.

ಶರಾವತಿ ಅವರೇ, ನಿಮ್ಮ ಕರಡಿನಲ್ಲಿ ಗೌರವ ಸಾಕಷ್ಟಿದೆ. ತೊಂದರೆ ಇರುವುದು ಬೇರೆ ಕಡೆ. ಇದು ರಜಾ ಅರ್ಜಿಯ ಅಚ್ಚಿನಲ್ಲಿದೆ. 'ವಿನಂತಿಸಿಕೊಳ್ಳುವುದೇನೆಂದರೆ' ಎಂದು ಶುರುವಾಗಿ 'ನೀಡಬೇಕಾಗಿ ಕೋರುತ್ತೇನೆ' ಎಂದು ಮುಗಿಯುವ ವಾಕ್ಯ ಎಷ್ಟು ಬಾಗಿದರೂ ಎದುರಿನವರಿಗೆ 'ಆಗದು' ಎನ್ನಲು ಜಾಗ ಬಿಡುವುದಿಲ್ಲ. ಕಚೇರಿಯಿಂದ ಬರಬೇಕಾದ ಕಾಗದಕ್ಕೆ ಅದು ಸರಿ. ಈ ಪತ್ರ ಮೇಡಂ ಮನಸ್ಸಿಟ್ಟು ಬರೆದರೆ ಮಾತ್ರ ಉಪಯೋಗ.

ಆ ಜಾಗ ಏಕೆ ಬೇಕು ಎಂದರೆ, ಇಲ್ಲ ಎನ್ನಲಾಗದೆ ಒಪ್ಪಿಕೊಂಡವರು ಸಾಮಾನ್ಯವಾಗಿ ಮೂರು ಸಾಲು ಬರೆಯುತ್ತಾರೆ. ಶಿಸ್ತಿನ ವಿದ್ಯಾರ್ಥಿನಿ, ತರಗತಿಗೆ ತಪ್ಪದೆ ಬರುತ್ತಿದ್ದಳು, ಭವಿಷ್ಯ ಉಜ್ವಲವಾಗಲಿ. ಓದುವ ಪ್ರವೇಶ ಸಮಿತಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಬರೆದವರಿಗೆ ಹೇಳಲು ಹೆಚ್ಚೇನೂ ಇರಲಿಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: 'ನನ್ನ ಪ್ರಾಜೆಕ್ಟ್ ಕೆಲಸದ ಆಧಾರದ ಮೇಲೆ ನನ್ನ ಪರವಾಗಿ ವಿವರವಾಗಿ ಬರೆಯಲು ನಿಮಗೆ ಸಾಧ್ಯವಾದೀತೇ?' ವಿವರವಾಗಿ ಬರೆಯಲಾಗದು ಅನ್ನಿಸಿದರೆ ಅವರು ಮರ್ಯಾದೆಯಿಂದಲೇ ಹಿಂದೆ ಸರಿಯಬಹುದು. ನಿಮಗೂ ಬೇರೆಯವರನ್ನು ಕೇಳಲು ಸಮಯ ಉಳಿಯುತ್ತದೆ. 'ಉತ್ತಮ ಶಿಫಾರಸು ಪತ್ರ' ಎಂದು ನೀವೇ ಗುಣ ನಿಗದಿ ಮಾಡಬೇಡಿ.

'ಆದಷ್ಟು ಬೇಗ' ತೆಗೆದು ದಿನಾಂಕ ಹಾಕಿ. ಡಿಸೆಂಬರ್ 1 ಎಂದರೆ ಆರು ವಾರವಿದೆ, ಕೇಳಲು ಒಳ್ಳೆಯ ಸಮಯ. ನಾಲ್ಕು ವಾರಕ್ಕಿಂತ ಕಡಿಮೆ ಕೊಟ್ಟರೆ ಪರೀಕ್ಷೆ, ಮೌಲ್ಯಮಾಪನದ ನಡುವೆ ಸಿಕ್ಕಿಕೊಳ್ಳುತ್ತದೆ.

ಮಿನ್ನೆಸೋಟ_ಕನ್ನಡಿಗ
ಮೇಷ್ಟ್ರ ಮಾತು ಸರಿ, ಆದರೆ ಮಾದರಿ ಪತ್ರ ಲಗತ್ತಿಸುವುದನ್ನು ಬಿಡಬೇಡಿ. ನಮ್ಮ ಕಡೆಯ ಪ್ರಾಧ್ಯಾಪಕರಿಗೆ ಬರೆಯಲು ಪುರುಸೊತ್ತಿರುವುದಿಲ್ಲ, ಎಲ್ಲರೂ 'ನೀನೇ ಬರೆದು ತಾ' ಎನ್ನುತ್ತಾರೆ. ಮೊದಲೇ ಕೊಟ್ಟರೆ ಎರಡು ವಾರ ಉಳಿಯುತ್ತದೆ. ಇನ್ನೊಂದು ವಿಷಯ. ಅರ್ಜಿಯಲ್ಲಿ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಕೇಳುತ್ತಾರೆ. ಬಿಟ್ಟುಕೊಡಬೇಡಿ, ಏನು ಬರೆದಿದ್ದಾರೆಂದು ನೀವು ನೋಡಿಕೊಳ್ಳಬಹುದು.

ಪಿಜಿ_ಮೇಷ್ಟ್ರು
ಎರಡಕ್ಕೂ ನನ್ನ ಒಪ್ಪಿಗೆಯಿಲ್ಲ. ಕಾರಣ ಹೇಳುತ್ತೇನೆ.

'ನೀನೇ ಬರೆದು ತಾ' ಎನ್ನುವವರು ಇದ್ದಾರೆ, ಅದು ನಿಜ. ಆದರೆ ಕೇಳದೆ ಕಳಿಸಿದ ಮಾದರಿ ಪತ್ರ 'ನಿಮ್ಮ ಸಹಿ ಮಾತ್ರ ಸಾಕು' ಎಂದು ಹೇಳಿದಂತಾಗುತ್ತದೆ. ತಾವೇ ಬರೆಯುವ ಅಭ್ಯಾಸವಿರುವ ಮೇಡಂಗೆ ಅದು ನೋವು ಮಾಡುತ್ತದೆ. ಮೂರು ಪತ್ರಗಳನ್ನೂ ನೀವೇ ಬರೆದರೆ ಇನ್ನೊಂದು ಅಪಾಯ. ವಾಕ್ಯದ ಓಟ, ಹೊಗಳುವ ಪದಗಳು, ಕೊನೆಗೆ ತಪ್ಪುಗಳು ಕೂಡ ಮೂರರಲ್ಲೂ ಒಂದೇ ಆಗಿರುತ್ತವೆ. ವರ್ಷಕ್ಕೆ ನೂರಾರು ಪತ್ರ ಓದುವವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ಅರ್ಜಿದಾರರೇ ಬರೆದ ಪತ್ರವನ್ನು ಎಷ್ಟೋ ಕಡೆ ಮೋಸವೆಂದೇ ಎಣಿಸುತ್ತಾರೆ. ಮೇಡಂ ಕೇಳಿದರೂ ಪತ್ರ ಬರೆದುಕೊಡಬೇಡಿ, ಅಂಶಗಳ ಪಟ್ಟಿ ಕೊಡಿ: ಯಾವ ಕೆಲಸ, ಯಾವಾಗ, ಏನು ಕೆಟ್ಟಿತು, ಹೇಗೆ ಸರಿಮಾಡಿದಿರಿ.

ಹಕ್ಕಿನ ವಿಷಯ. ಅಮೆರಿಕದ 1974ರ ಕಾನೂನಿನಂತೆ ಅಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ, ಪತ್ರದ ಮಟ್ಟಿಗೆ ಅದನ್ನು ಬಿಟ್ಟುಕೊಡಲು ಅವಕಾಶವಿದೆ. ಬಿಟ್ಟುಕೊಟ್ಟರೆ ಬರೆಯುವವರು ಮುಕ್ತವಾಗಿ ಬರೆದಿದ್ದಾರೆ ಎಂದು ಸಮಿತಿ ನಂಬುತ್ತದೆ. ಉಳಿಸಿಕೊಂಡರೆ ಅದು ಬರೆಯುವವರಿಗೂ ತಿಳಿಯುತ್ತದೆ, ಕೆಲವರು ಬರೆಯಲು ಹಿಂಜರಿಯುತ್ತಾರೆ. ಸೇರಿಸಿಕೊಳ್ಳದ ವಿಶ್ವವಿದ್ಯಾಲಯದ ಕಡತ ನಿಮಗೆ ಹೇಗೂ ಸಿಗುವುದಿಲ್ಲ. ಬಿಟ್ಟುಕೊಡುವುದೇ ಲೇಸು.

ಮಿನ್ನೆಸೋಟ_ಕನ್ನಡಿಗ
ಹಕ್ಕಿನ ಮಾತು ಒಪ್ಪಿದೆ. ಮಾದರಿ ಪತ್ರದ ಬಗ್ಗೆ ಪೂರ್ತಿ ಒಪ್ಪಲಾರೆ. ಅಂಶಗಳ ಪಟ್ಟಿ ಕೊಟ್ಟರೂ 'ಇದನ್ನೇ ಪತ್ರ ಮಾಡಿ ತಾ' ಎನ್ನುವ ವಿಭಾಗಗಳಿವೆ. ಅಲ್ಲಿ ವಿದ್ಯಾರ್ಥಿ ಏನು ಮಾಡಬೇಕು?

ಪಿಜಿ_ಮೇಷ್ಟ್ರು
ಕಷ್ಟದ ಪ್ರಶ್ನೆಯೇ. ಬೇರೆ ಯಾರಾದರೂ ಬರೆಯುವವರು ಇದ್ದರೆ ಅವರ ಹತ್ತಿರ ಹೋಗಬೇಕು. ಯಾರೂ ಇಲ್ಲದಿದ್ದರೆ ಏನು ಮಾಡಬೇಕೆಂಬುದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ನುಡಿ_ನೇರ
ಭಾಷೆಯ ಕಡೆಯಿಂದ ನಾಲ್ಕು ಮಾತು. ಒಂದೇ ಕರಡಿನಲ್ಲಿ 'ತಮ್ಮಲ್ಲಿ', 'ನಿಮ್ಮ ವಿಭಾಗ', 'ತಾವು', 'ಕಳುಹಿಸಿಕೊಡಿ' ಎಲ್ಲ ಬೆರೆತಿವೆ. ಒಂದನ್ನು ಹಿಡಿದುಕೊಳ್ಳಿ. ಎರಡು ವರ್ಷ ಲ್ಯಾಬಿನಲ್ಲಿ ಮಾತಾಡಿದ ಮೇಡಂಗೆ 'ನೀವು' ಸಾಕು, ಅದರಲ್ಲಿ ಅಗೌರವವೇನಿಲ್ಲ. ಒಮ್ಮೆಯೂ ಮಾತಾಡದ ಹಿರಿಯ ಪ್ರಾಧ್ಯಾಪಕರಿಗೆ 'ತಾವು' ಒಪ್ಪುತ್ತದೆ. ಆಗ ಮೇಲಿನಿಂದ ಕೆಳಗಿನವರೆಗೂ 'ತಾವು', 'ತಮ್ಮ', 'ತಮಗೆ' ಎಂದೇ ಇರಬೇಕು.

'ದಯಾಳುಗಳಾದ', 'ದೊಡ್ಡ ಮನಸ್ಸು ಮಾಡಿ' ಬೇಡ. ಹೊಗಳಿಕೆ ಬಂದಕೂಡಲೇ ಓದುವವರು ಮುಂದೆ ಬರುವ ಬೇಡಿಕೆಗೆ ಎಚ್ಚರವಾಗುತ್ತಾರೆ. 'ಇಚ್ಛಿಸಿರುತ್ತೇನೆ' ಕಚೇರಿ ಕಡತದ ಕ್ರಿಯಾಪದ, 'ಹಾಕುತ್ತಿದ್ದೇನೆ' ಸಾಕು. ಸಂಬೋಧನೆಗೆ 'ಮೇಡಂ, ನಮಸ್ಕಾರಗಳು'. 'ಮಾನ್ಯರೇ' ಎಂದರೆ ಯಾರಿಗೆ ಬೇಕಾದರೂ ಕಳಿಸಬಹುದಾದ ಕಾಗದದಂತೆ ಕಾಣುತ್ತದೆ. ಕೊನೆಗೆ 'ವಂದನೆಗಳೊಂದಿಗೆ' ಎಂದು ಹಾಕಿ, ಕೆಳಗೆ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಫೋನ್ ನಂಬರ್. ಅವರ ಕೈಕೆಳಗೆ ಎಷ್ಟೋ ತಂಡಗಳು ಹೋಗಿರುತ್ತವೆ, ಹೆಸರೊಂದರಿಂದ ಮುಖ ನೆನಪಾಗದೆ ಇರಬಹುದು.

ಟೈಪಿಂಗ್ ಯೂನಿಕೋಡಿನಲ್ಲೇ ಇರಲಿ. ನುಡಿಯ ಹಳೆಯ ಫಾಂಟಿನಲ್ಲಿ ಬರೆದು ಅಂಟಿಸಿದರೆ ಮೇಡಂ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಒಮ್ಮೆ ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿ, ಫೋನಿನಲ್ಲಿ ತೆರೆದು ನೋಡಿ.

ಮಿನ್ನೆಸೋಟ_ಕನ್ನಡಿಗ
ಮೊದಲಿಗೆ ಇದನ್ನು ಕನ್ನಡದಲ್ಲಿ ಬರೆಯಬೇಕೇ? ಮೇಡಂ ಪತ್ರ ಬರೆಯುವುದು ಇಂಗ್ಲಿಷಿನಲ್ಲಿ. ನಿಮ್ಮ ಮೇಲ್ ಇಂಗ್ಲಿಷಿನಲ್ಲಿದ್ದರೆ ಪ್ರಾಜೆಕ್ಟಿನ ಹೆಸರು, ವಿಧಾನದ ಹೆಸರು ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ.

ನುಡಿ_ನೇರ
ಅದಕ್ಕೆ ಬೇಕಾದ ವಿವರದ ಹಾಳೆ ಇಂಗ್ಲಿಷಿನಲ್ಲಿರಲಿ. ಕೇಳುವ ಮಾತು ಅವರಿಬ್ಬರೂ ದಿನಾ ಆಡಿದ ಭಾಷೆಯಲ್ಲಿದ್ದರೆ ತಪ್ಪೇನು? ಇಂಗ್ಲಿಷಿನಲ್ಲಿ ಹಿಡಿತವಿಲ್ಲದೆ ಅಂತರ್ಜಾಲದ ಮಾದರಿಯನ್ನು ನಕಲು ಮಾಡಿ ಕಳಿಸಿದ ಮೇಲ್‌ಗಿಂತ ಇದು ಎಷ್ಟೋ ಮೇಲು.

ಮಿನ್ನೆಸೋಟ_ಕನ್ನಡಿಗ
ಪಿಎಚ್‌ಡಿಗೆ ಹೋಗುವವರು ಇಂಗ್ಲಿಷಿನಲ್ಲಿ ಐದು ಸಾಲು ಬರೆಯಬಲ್ಲರು ಎಂಬುದನ್ನೂ ಆ ಮೇಲ್ ತೋರಿಸುತ್ತದೆ. ನಾನಾದರೆ ಇಂಗ್ಲಿಷಿನಲ್ಲೇ ಕಳಿಸು ಎನ್ನುವೆ.

ಪಿಜಿ_ಮೇಷ್ಟ್ರು
ಮೇಡಂ ಇದುವರೆಗೆ ನಿಮಗೆ ಯಾವ ಭಾಷೆಯಲ್ಲಿ ಮೇಲ್ ಬರೆದಿದ್ದಾರೋ ಅದರಲ್ಲಿ ಬರೆಯಿರಿ, ಬರೆದೇ ಇಲ್ಲವೆಂದರೆ ನಿಮಗೆ ಯಾವುದು ಸಲೀಸೋ ಅದು. ನನಗೆ ಮೇಲ್‌ನ ಒಡಲಿನದೇ ಚಿಂತೆ, ಅದು ಇನ್ನೂ ಖಾಲಿ ಇದೆ. ಪ್ರಾಜೆಕ್ಟ್ ಏನೆಂದು ಎಲ್ಲೂ ಹೇಳಿಲ್ಲವಲ್ಲ?

ಶರಾವತಿ_ಸಸ್ಯ
ಅಡಿಕೆ ಕೊಳೆರೋಗದ ಮೇಲೆ. ತೀರ್ಥಹಳ್ಳಿ ಕಡೆಯ ತೋಟಗಳಿಂದ ಕೊಳೆತ ಕಾಯಿ ತಂದು ಶಿಲೀಂಧ್ರವನ್ನು ಬೇರ್ಪಡಿಸಿ ಗುರುತಿಸಿದ್ದು. ಮೊದಲ ಸಲ ತಟ್ಟೆಗಳ ತುಂಬ ಬೇರೇನೋ ಬೆಳೆದುಬಿಟ್ಟಿತ್ತು. ಆಮೇಲೆ ಆ್ಯಂಟಿಬಯೋಟಿಕ್ ಸೇರಿಸಿದ ಆಯ್ದ ಮಾಧ್ಯಮ ತಯಾರಿಸಿ ಮತ್ತೆ ಮಾಡಿದೆವು, 9 ಮಾದರಿಗಳಲ್ಲಿ ಫೈಟಾಫ್ತೋರ ಸಿಕ್ಕಿತು. ಮೇಡಂ ಆ ವಾರ ದಿನಾ ಬಂದು ತಟ್ಟೆ ನೋಡುತ್ತಿದ್ದರು.

ಪಿಜಿ_ಮೇಷ್ಟ್ರು
ಮೇಲ್‌ನಲ್ಲಿ ಬರಬೇಕಾದದ್ದು ಇದೇ! ಎರಡು ಸಾಲು ಸಾಕು. ಮೇಡಂಗೆ ಆ ವಾರ ನೆನಪಾದರೆ ಅವರ ಪತ್ರದ ಅತಿ ಗಟ್ಟಿ ಪ್ಯಾರಾ ಅಲ್ಲೇ ಹುಟ್ಟುತ್ತದೆ. ಕೆಟ್ಟ ಪ್ರಯೋಗವನ್ನು ವಿದ್ಯಾರ್ಥಿ ಹೇಗೆ ಸರಿಪಡಿಸಿದಳು ಎಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಕಣ್ಣಾರೆ ಕಂಡವರು ಮಾತ್ರ ಹೇಳಬಲ್ಲರು. ಜೊತೆಗೆ ಕೆಲವು ಪೋರ್ಟಲ್‌ಗಳು ಪತ್ರ ಏರಿಸುವ ಮುಂಚೆ ಒಂದು ನಮೂನೆ ತುಂಬಿಸುತ್ತವೆ. ನೀವು ಕಂಡ ವಿದ್ಯಾರ್ಥಿಗಳಲ್ಲಿ ಇವರು ಮೇಲಿನ ಶೇ 5ರಲ್ಲೋ, ಶೇ 10ರಲ್ಲೋ, ಸ್ವತಂತ್ರವಾಗಿ ಕೆಲಸ ಮಾಡಬಲ್ಲರೋ ಎಂಬಂಥ ಪ್ರಶ್ನೆಗಳು. ಉತ್ತರಿಸಲು ಅವರಿಗೆ ಇಂಥ ನೆನಪೇ ಆಧಾರ.

ಒಂದು ತಿದ್ದುಪಡಿ ಬಹಳ ಮುಖ್ಯ. ಫೈಟಾಫ್ತೋರವನ್ನು ಶಿಲೀಂಧ್ರ ಎಂದು ಬರೆಯಬೇಡಿ, ಅದು ಊಮೈಸೀಟ್ ಗುಂಪಿನದು. ತೋಟದಲ್ಲಿ, ಹಳೆಯ ಪುಸ್ತಕಗಳಲ್ಲಿ ಎಲ್ಲರೂ ಹಾಗೆ ಹೇಳುತ್ತಾರೆ. ಆದರೆ ಸಸ್ಯರೋಗಶಾಸ್ತ್ರದ ಪಿಎಚ್‌ಡಿಗೆ ಹೊರಟವರು ತಮ್ಮ ಗೈಡಿಗೇ ಹಾಗೆ ಬರೆದರೆ ಮೊದಲ ಸಾಲಿನಲ್ಲೇ ಅವರ ಹುಬ್ಬು ಗಂಟಾಗುತ್ತದೆ. 'ರೋಗಕಾರಕ' ಎನ್ನಿ.

ಕ್ರಮವನ್ನೂ ಹೇಳಿಬಿಡುತ್ತೇನೆ. ಈ ಮೊದಲ ಮೇಲ್‌ಗೆ ಏನನ್ನೂ ಲಗತ್ತಿಸಬೇಡಿ, ಇದು ಕೇಳುವುದಕ್ಕೆ ಮಾತ್ರ. ಒಪ್ಪಿಗೆ ಬಂದ ದಿನವೇ ಎರಡನೆಯದು, ಅದೇ ಮೇಲ್‌ಗೆ ಉತ್ತರವಾಗಿ. ಅದರಲ್ಲಿ ಸ್ವವಿವರ, ಅಂಕಪಟ್ಟಿ, ಪ್ರಾಜೆಕ್ಟಿನ ಸಾರಾಂಶ, ಉದ್ದೇಶ ಪತ್ರದ ಕರಡು, ಆಮೇಲೆ ಒಂದೇ ಪುಟದ ಕೋಷ್ಟಕ. ಕೋಷ್ಟಕದಲ್ಲಿ ನಾಲ್ಕೂ ವಿಶ್ವವಿದ್ಯಾಲಯಗಳ ಹೆಸರು, ಯಾವ ವಿಭಾಗ, ಕೊನೆಯ ದಿನಾಂಕ, ಲಿಂಕ್ ಯಾವ ವಿಳಾಸದಿಂದ ಬರುತ್ತದೆ. ದಿನಾಂಕದ ಪಕ್ಕ ನಮ್ಮ ಸಮಯವನ್ನೂ ಬರೆಯಿರಿ. ಅಮೆರಿಕದ ಪೂರ್ವ ಕರಾವಳಿಯ ಡಿಸೆಂಬರ್ 1ರ ರಾತ್ರಿ 11:59 ಎಂದರೆ ಇಲ್ಲಿ ಡಿಸೆಂಬರ್ 2ರ ಬೆಳಿಗ್ಗೆ 10:29. ಆದರೂ ಮೇಡಂಗೆ ನವೆಂಬರ್ 28 ಎಂದು ಕೇಳಿಕೊಳ್ಳಿ, ನಿಜವಾದ ಗಡುವನ್ನು ಪಕ್ಕದಲ್ಲೇ ತಿಳಿಸಿ. ಸುಳ್ಳು ಗಡುವು ಕೊಡಬೇಡಿ, ಪೋರ್ಟಲ್ ಕಳಿಸುವ ಮೇಲ್‌ನಲ್ಲೇ ನಿಜ ದಿನಾಂಕ ಇರಬಹುದು.

ಅವರು ಒಪ್ಪುವ ಮುಂಚೆ ಅವರ ವಿಳಾಸವನ್ನು ಪೋರ್ಟಲಿನಲ್ಲಿ ತುಂಬಲೇಬೇಡಿ. ಕೆಲವು ಪೋರ್ಟಲ್‌ಗಳು ಆ ಪುಟ ಉಳಿಸಿದ ಕ್ಷಣವೇ ಲಿಂಕ್ ಕಳಿಸುತ್ತವೆ, ಕೆಲವು ಅರ್ಜಿ ಸಲ್ಲಿಸಿದ ಮೇಲೆ ಕಳಿಸುತ್ತವೆ. ಎರಡನೆಯ ಬಗೆಯದಾದರೆ ನೀವು ನವೆಂಬರ್ 30ರವರೆಗೆ ಕಾದು ಸಲ್ಲಿಸಿದಾಗ ಮೇಡಂಗೆ ಉಳಿಯುವುದು ಒಂದು ದಿನ. ಯಾವುದು ಯಾವ ಬಗೆ ಎಂದು ಸೂಚನೆಗಳಲ್ಲಿ ಮೊದಲೇ ಓದಿಕೊಳ್ಳಿ.

ಮಂಜುಳಾ_ಕೆ
ನನ್ನದೂ ಇಂಥದ್ದೇ ಸಮಸ್ಯೆ, ಇಲ್ಲೇ ಕೇಳುತ್ತೇನೆ. ನನಗೆ ಪ್ರಾಜೆಕ್ಟ್ ಮಾಡಿಸಿದವರು ಅತಿಥಿ ಉಪನ್ಯಾಸಕರು. ಕೆಲಸ ಪೂರ್ತಿ ಗೊತ್ತಿರುವುದು ಅವರಿಗೆ. ಆದರೆ ಅವರಿಗೆ ವಿಶ್ವವಿದ್ಯಾಲಯದ ಇಮೇಲ್ ಇಲ್ಲ, ಲೆಟರ್‌ಹೆಡ್ಡೂ ಇಲ್ಲ. ವಿಭಾಗದ ಮುಖ್ಯಸ್ಥರಿಗೆ ಎಲ್ಲ ಇದೆ, ನನ್ನ ಹೆಸರು ಮಾತ್ರ ಗೊತ್ತಿಲ್ಲ. ಯಾರನ್ನು ಕೇಳಲಿ?

ಮಿನ್ನೆಸೋಟ_ಕನ್ನಡಿಗ
ಮುಖ್ಯಸ್ಥರನ್ನು. ಪದನಾಮ ತೂಕ ಕೊಡುತ್ತದೆ.

ಪಿಜಿ_ಮೇಷ್ಟ್ರು
ಪಿಎಚ್‌ಡಿ ಅರ್ಜಿಯಲ್ಲಿ ವಿವರವೇ ಹೆಚ್ಚು ತೂಗುತ್ತದೆ. ಮೂರು ಪತ್ರಗಳಲ್ಲಿ ಒಂದು ಅತಿಥಿ ಉಪನ್ಯಾಸಕರದಿರಲಿ. ಜಿಮೇಲ್ ವಿಳಾಸವಾದರೆ ಕೆಲವು ಪೋರ್ಟಲ್‌ಗಳು ತೆಗೆದುಕೊಳ್ಳುವುದಿಲ್ಲ, ಕೆಲವು ತೆಗೆದುಕೊಂಡು ಆಮೇಲೆ ಪರಿಶೀಲಿಸುತ್ತವೆ. ಮೊದಲು ಪ್ರವೇಶ ಕಚೇರಿಗೆ ಎರಡು ಸಾಲು ಬರೆದು ಕೇಳಿ. ನನ್ನ ಮಾರ್ಗದರ್ಶಕರಿಗೆ ಸಂಸ್ಥೆಯ ಇಮೇಲ್ ಇಲ್ಲ, ವಿಭಾಗದ ಜಾಲತಾಣದಲ್ಲಿ ಅವರ ಹೆಸರು ಇದೆ, ಈ ವಿಳಾಸ ಒಪ್ಪುತ್ತೀರಾ ಎಂದು. ಪತ್ರವನ್ನು ವಿಭಾಗದ ಲೆಟರ್‌ಹೆಡ್ಡಿನಲ್ಲಿ ಬರೆಯಲು ಮುಖ್ಯಸ್ಥರ ಅನುಮತಿಯನ್ನು ಅವರೇ ಕೇಳಬೇಕಾಗುತ್ತದೆ. ಆ ತೊಂದರೆ ಅವರಿಗಾಗುತ್ತದೆಂದು ಗೊತ್ತಿದೆ ಎಂಬುದನ್ನು ನಿಮ್ಮ ಮೇಲ್‌ನಲ್ಲಿ ಹೇಳಿ.

ಮಂಜುಳಾ_ಕೆ
ಇಬ್ಬರೂ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದರೆ?

ಪಿಜಿ_ಮೇಷ್ಟ್ರು
ಅದನ್ನು ಒಪ್ಪುವ ಕಡೆಯೂ ಇದೆ, ಒಪ್ಪದ ಕಡೆಯೂ ಇದೆ. ಅದೇ ಮೇಲ್‌ನಲ್ಲಿ ಅದನ್ನೂ ಕೇಳಿಬಿಡಿ.

ಶರಾವತಿ_ಸಸ್ಯ
ತಿದ್ದಿದ್ದೇನೆ. ಈಗ ಹೀಗಿದೆ:

> ವಿಷಯ: ಪಿಎಚ್‌ಡಿ ಅರ್ಜಿಗೆ ಶಿಫಾರಸು ಪತ್ರದ ವಿನಂತಿ – ಎಂಎಸ್ಸಿ 2023–25 – ಮೊದಲ ಗಡುವು ಡಿಸೆಂಬರ್ 1
>
> ಮೇಡಂ, ನಮಸ್ಕಾರಗಳು.
>
> ನಾನು 2023–25ರ ತಂಡದವಳು. ನಾಲ್ಕನೇ ಸೆಮಿಸ್ಟರಿನಲ್ಲಿ ಅಡಿಕೆ ಕೊಳೆರೋಗದ ಪ್ರಾಜೆಕ್ಟನ್ನು ನಿಮ್ಮ ಮಾರ್ಗದರ್ಶನದಲ್ಲಿ ಮಾಡಿದ್ದೆ. ಮೊದಲ ಸಲ ತಟ್ಟೆಗಳೆಲ್ಲ ಕೆಟ್ಟಾಗ ನೀವು ಹೇಳಿದಂತೆ ಆಯ್ದ ಮಾಧ್ಯಮ ತಯಾರಿಸಿ, 9 ಮಾದರಿಗಳಿಂದ ಫೈಟಾಫ್ತೋರವನ್ನು ಬೇರ್ಪಡಿಸಿದ್ದೆ.
>
> ಈಗ ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಸಸ್ಯರೋಗಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ಆ ಕೆಲಸದ ಆಧಾರದ ಮೇಲೆ ನನ್ನ ಪರವಾಗಿ ವಿವರವಾದ ಶಿಫಾರಸು ಪತ್ರ ಬರೆಯಲು ನಿಮಗೆ ಸಾಧ್ಯವಾದೀತೇ ಎಂದು ಕೇಳಲು ಬರೆಯುತ್ತಿದ್ದೇನೆ. ಮೊದಲ ಗಡುವು ಡಿಸೆಂಬರ್ 1, ಉಳಿದ ಮೂರು ಡಿಸೆಂಬರ್ 15. ಪತ್ರ ಒಂದೇ ಆದರೂ ಪ್ರತಿ ವಿಶ್ವವಿದ್ಯಾಲಯದಿಂದ ಒಂದೊಂದು ಲಿಂಕ್ ನಿಮಗೆ ಬರುತ್ತದೆ.
>
> ಈ ಸೆಮಿಸ್ಟರಿನ ಕೆಲಸದ ನಡುವೆ ಬಿಡುವಾಗದಿದ್ದರೆ, ಅಥವಾ ಬೇರೆಯವರು ಬರೆಯುವುದು ಮೇಲೆಂದು ನಿಮಗೆ ಅನ್ನಿಸಿದರೆ, ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ. ನೀವು ಒಪ್ಪಿದರೆ ಸ್ವವಿವರ, ಅಂಕಪಟ್ಟಿ, ಪ್ರಾಜೆಕ್ಟಿನ ಸಾರಾಂಶ ಮತ್ತು ಗಡುವುಗಳ ಪಟ್ಟಿಯನ್ನು ಕಳಿಸುತ್ತೇನೆ. ಲಿಂಕ್ ಯಾವ ಇಮೇಲ್ ವಿಳಾಸಕ್ಕೆ ಬರಬೇಕೆಂದೂ ತಿಳಿಸಿ.
>
> ವಂದನೆಗಳೊಂದಿಗೆ,
> (ಹೆಸರು, ನೋಂದಣಿ ಸಂಖ್ಯೆ, ಫೋನ್)

ನುಡಿ_ನೇರ
ಚೆನ್ನಾಗಿದೆ. 'ಸಂಕೋಚವಿಲ್ಲದೆ ತಿಳಿಸಿ' ಎಂಬುದನ್ನು ಚಿಕ್ಕವರು ದೊಡ್ಡವರಿಗೆ ಹೇಳಿದರೆ ಸ್ವಲ್ಪ ಸಲುಗೆಯಾಗಿ ಕೇಳುತ್ತದೆ. 'ತಿಳಿಸಿದರೆ ಸಾಕು, ನನಗೆ ಅರ್ಥವಾಗುತ್ತದೆ' ಎನ್ನಿ. ವಿಷಯದ ಸಾಲು ಉದ್ದವಾಯಿತು, ಮೊಬೈಲಿನಲ್ಲಿ ಕೊನೆಯಲ್ಲಿರುವ ಗಡುವೇ ಕತ್ತರಿಸಿಹೋಗುತ್ತದೆ. 'ಎಂಎಸ್ಸಿ 2023–25' ತೆಗೆಯಿರಿ, ಹೇಗೂ ಒಳಗೆ ಇದೆ.

ಪಿಜಿ_ಮೇಷ್ಟ್ರು
'ನೀವು ಹೇಳಿದಂತೆ' ಎಂಬುದು ನಿಜವೇ? ಆಯ್ದ ಮಾಧ್ಯಮದ ಯೋಚನೆ ನಿಮ್ಮದಾಗಿದ್ದರೆ ಹಾಗೇ ಬರೆಯಿರಿ, ಅವರದಾಗಿದ್ದರೆ ಹೀಗೇ ಇರಲಿ. ವಿನಯಕ್ಕೆಂದು ನಿಮ್ಮ ಕೆಲಸವನ್ನು ಅವರ ಹೆಸರಿಗೆ ಬರೆದರೆ ಪತ್ರದಲ್ಲೂ ಹಾಗೇ ಬಂದೀತು.

ಶರಾವತಿ_ಸಸ್ಯ
ಮಾಧ್ಯಮ ಬದಲಿಸೋಣ ಎಂದದ್ದು ಮೇಡಂ. ಯಾವ ಆ್ಯಂಟಿಬಯೋಟಿಕ್, ಎಷ್ಟು ಪ್ರಮಾಣ ಎಂದು ಪ್ರಬಂಧಗಳನ್ನು ಓದಿ ಹುಡುಕಿದ್ದು ನಾನು.

ಪಿಜಿ_ಮೇಷ್ಟ್ರು
ಹಾಗಾದರೆ ಎರಡನ್ನೂ ಬರೆಯಿರಿ: 'ಮಾಧ್ಯಮ ಬದಲಿಸಲು ನೀವು ಸೂಚಿಸಿದಿರಿ, ಪ್ರಮಾಣಗಳನ್ನು ಪ್ರಬಂಧಗಳಿಂದ ಹುಡುಕಿ ನಾನು ತಯಾರಿಸಿದೆ'.

ಭೀಮಾತೀರ
ಈಗ ತಿಳೀತ್ರಿ ಇದು ಬ್ಯಾರೆ ಅಂತ. ಆದರ ಒಂದು ಮಾತು. ಮೇಲ್ ಒಂದೇ ಕಳಿಸಿ ಕುಂತರ ನಮ್ಮ ಕಡೆ ಉತ್ತರ ಬರೂದಿಲ್ಲ. ಊರಾಗ ಇದ್ದರ ಹೋಗಿ ಭೇಟಿ ಆಗ್ರಿ, ವಾಟ್ಸಾಪಿನಾಗೂ ಒಂದು ಹಾಕ್ರಿ.

ಪಿಜಿ_ಮೇಷ್ಟ್ರು
ಭೇಟಿ ಒಳ್ಳೆಯದೇ. ಅದೇ ದಿನ ಈ ಮೇಲ್ ಹೋಗಿರಲಿ, ಒಂದು ತಿಂಗಳ ನಂತರ ಅವರು ಹುಡುಕುವುದು ಇನ್‌ಬಾಕ್ಸಿನಲ್ಲಿ. ವಾಟ್ಸಾಪಿನಲ್ಲಿ 'ಮೇಡಂ, ಶಿಫಾರಸು ಪತ್ರದ ಬಗ್ಗೆ ಇವತ್ತು ಮೇಲ್ ಕಳಿಸಿದ್ದೇನೆ' ಎಂದಷ್ಟೇ ಹಾಕಿ, ಅದೂ ಅವರು ಮೊದಲೇ ವಾಟ್ಸಾಪಿನಲ್ಲಿ ಮಾತಾಡುತ್ತಿದ್ದರೆ. ಬೇಡಿಕೆಯನ್ನೇ ಅಲ್ಲಿ ಇಡಬೇಡಿ.

ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪು. ಆಮೇಲೂ ಇಲ್ಲವೆಂದರೆ ಬೇರೆಯವರನ್ನು ಕೇಳಿ, ನವೆಂಬರ್ 5ರ ನಂತರ ಕಾಯಬೇಡಿ. ಒಪ್ಪಿದ ಮೇಲೆ ನವೆಂಬರ್ 17ರ ಸುಮಾರಿಗೆ ಒಂದು ನೆನಪು, 27ಕ್ಕೆ ಇನ್ನೊಂದು, ಅಷ್ಟೇ. ನೆನಪಿಸುವ ಮುಂಚೆ ಅರ್ಜಿಯ ಪುಟ ತೆರೆದು ಪತ್ರ ಬಂದಿದೆಯೇ ನೋಡಿ. ಆಗಲೇ ಏರಿಸಿದವರಿಗೆ ನೆನಪೋಲೆ ಹೋದರೆ ಬೇಸರವಾಗುತ್ತದೆ. ಬಂದಿಲ್ಲವೆಂದರೆ 'ಬರೆದಿರಾ' ಎಂದು ಕೇಳದೆ, 'ಲಿಂಕ್ ಸ್ಪ್ಯಾಮ್‌ಗೆ ಹೋಗಿರಬಹುದು, ಈಗ ಮತ್ತೊಮ್ಮೆ ಕಳಿಸಿದ್ದೇನೆ' ಎನ್ನಿ. ಎಷ್ಟೋ ಸಲ ನಿಜವಾಗಿಯೂ ಅಲ್ಲೇ ಬಿದ್ದಿರುತ್ತದೆ.

ಮಿನ್ನೆಸೋಟ_ಕನ್ನಡಿಗ
ಹೆಚ್ಚಿನ ಪೋರ್ಟಲ್‌ಗಳಲ್ಲಿ ಹಾಗೆ ಮತ್ತೆ ಕಳಿಸುವ ಗುಂಡಿ ಆ ಶಿಫಾರಸುಗಳ ಪುಟದಲ್ಲೇ ಇರುತ್ತದೆ. ಅರ್ಜಿ ಸಲ್ಲಿಸಿದ ಮೇಲೂ ಕೆಲಸ ಮಾಡುತ್ತದೆ. ಕೆಲವು ಕಡೆ ಅರ್ಜಿಯ ಗಡುವು ಮುಗಿದರೂ ಪತ್ರಗಳಿಗೆ ಕೆಲವು ದಿನ ಬಿಡುತ್ತಾರೆ, ಆದರೆ ಅದನ್ನು ನಂಬಿ ಕೂರಬೇಡಿ.

ಶರಾವತಿ_ಸಸ್ಯ
ತಿದ್ದಿ ಈಗ ಕಳಿಸುತ್ತಿದ್ದೇನೆ, ಕನ್ನಡದಲ್ಲೇ. ವಿವರದ ಹಾಳೆಯನ್ನು ಇಂಗ್ಲಿಷಿನಲ್ಲಿ ಸಿದ್ಧ ಮಾಡಿಟ್ಟುಕೊಳ್ಳುತ್ತೇನೆ. ಮೇಡಂ 'ನೀನೇ ಬರೆದು ತಾ' ಎಂದರೆ ಮತ್ತೆ ಇಲ್ಲಿಗೇ ಬರುತ್ತೇನೆ.